ಮೆಶ್ ಬ್ಯಾಗ್ ಹಾಕಿದರೂ ಬ್ರಾ ಯಾಕೆ ಹಾಳಾಗುತ್ತದೆ?

ಪ್ರಶ್ನೆ: ಮೇಡಂ, ನಾನು ಬ್ರಾಗಳನ್ನು ಮೆಶ್ ಬ್ಯಾಗ್‌ಗೆ ಹಾಕಿಯೇ ವಾಷಿಂಗ್ ಮೆಷಿನ್‌ನಲ್ಲಿ ಒಗೆಯುತ್ತೇನೆ. ಆದರೂ ಸ್ಟ್ರ್ಯಾಪ್ ಸಡಿಲ ಆಗ್ತಿದೆ. ಒಂದರಲ್ಲಿ ವೈರ್ ಸೊಟ್ಟಗಾಗಿ ಕಂಕುಳ ಹತ್ತಿರ ತುದಿ ಹೊರಗೆ ಬಂದಿದೆ. ಬ್ಯಾಗ್ ಹಾಕಿಯೂ ಹೀಗಾದರೆ ಅದರಿಂದ ಏನು ಉಪಯೋಗ? ಕೈಯಲ್ಲೇ ಒಗೆಯಬೇಕಾ?

ಉತ್ತರ: ಎಲ್ಲವನ್ನೂ ಕೈಯಲ್ಲೇ ಒಗೆಯಬೇಕು ಅಂತೇನಿಲ್ಲ. ಬ್ಯಾಗನ್ನು ಬಿಸಾಡುವುದೂ ಬೇಡ. ಆದರೆ ಆ ಬ್ಯಾಗ್ ಮುಖ್ಯವಾಗಿ ಮಾಡುವ ಕೆಲಸ ಒಂದೇ. ಬ್ರಾದ ಹುಕ್ಕು, ಸ್ಟ್ರ್ಯಾಪು ಬೇರೆ ಬಟ್ಟೆಗೆ ಸಿಕ್ಕಿಹಾಕಿಕೊಳ್ಳದಂತೆ ತಡೆಯುತ್ತದೆ, ಅಷ್ಟೆ. ಬ್ಯಾಗಿನ ಒಳಗೇ ಎರಡು ಬ್ರಾ ಹೆಣೆದುಕೊಂಡರೆ ಅದಕ್ಕೆ ಏನೂ ಮಾಡಲಾಗದು. ಒದ್ದೆ ಟವೆಲ್ ಮೇಲೆ ಬಿದ್ದು ಕಪ್ಪನ್ನು ಒತ್ತಿದರೂ ಅದು ತಡೆಯುವುದಿಲ್ಲ. ಸ್ಪಿನ್ ಆಗುವಾಗ ಬ್ರಾ ಡ್ರಮ್ಮಿನ ಗೋಡೆಗೆ ಅಪ್ಪಚ್ಚಿ ಆಗುವುದನ್ನಂತೂ ತಡೆಯುವುದೇ ಇಲ್ಲ. ಇನ್ನು ಒಗೆದಾದ ಮೇಲೆ ಸ್ಟ್ರ್ಯಾಪ್ ಹಿಡಿದು ನೇತುಹಾಕಿದರೆ ಅದು ಬ್ಯಾಗಿನ ಕೈಮೀರಿದ ಮಾತು. ನನ್ನ ಹತ್ತಿರ ರಿಪೇರಿಗೆ ಬರುವ ಬ್ರಾಗಳಲ್ಲಿ ಹೆಚ್ಚಿನವು ಬ್ಯಾಗಿನಲ್ಲೇ ಒಗೆದವು. ಹಾಳಾಗಿರುವುದು ಮಾತ್ರ ಈ ನಾಲ್ಕರಲ್ಲಿ ಯಾವುದೋ ಒಂದರಿಂದ.

ಮೊದಲು ಸ್ಟ್ರ್ಯಾಪಿನ ವಿಷಯ ನೋಡೋಣ. ಸಡಿಲ ಆಗಿದೆ ಅಂದ ತಕ್ಷಣ ಎಲಾಸ್ಟಿಕ್ ಹಿಗ್ಗಿದೆ ಅಂತ ತೀರ್ಮಾನ ಮಾಡಬೇಡಿ. ಎಷ್ಟೋ ಸಲ ಎಲಾಸ್ಟಿಕ್ ಚೆನ್ನಾಗಿಯೇ ಇರುತ್ತದೆ, ಅಡ್ಜಸ್ಟರ್ ಜಾರಿರುತ್ತದೆ. ಒಗೆಯುವಾಗ ಸ್ಟ್ರ್ಯಾಪ್ ಎಳೆದಾಡಿದಂತೆಲ್ಲ ಆ ಪುಟ್ಟ ಪ್ಲಾಸ್ಟಿಕ್ ಅಥವಾ ಲೋಹದ ಬಿಲ್ಲೆ ಸ್ವಲ್ಪ ಸ್ವಲ್ಪವೇ ಕೆಳಗೆ ಸರಿಯುತ್ತದೆ. ಕಂಡುಹಿಡಿಯುವುದು ಸುಲಭ. ಒಗೆಯುವ ಮೊದಲು ಅಡ್ಜಸ್ಟರ್ ಇರುವ ಜಾಗದಲ್ಲಿ, ಸ್ಟ್ರ್ಯಾಪಿನ ಒಳಮೈಗೆ, ಬೇರೆ ಬಣ್ಣದ ದಾರದಿಂದ ಒಂದು ಹೊಲಿಗೆ ಹಾಕಿ. ಒಣಗಿದ ಮೇಲೆ ನೋಡಿ. ಅಡ್ಜಸ್ಟರ್ ದಾರದಿಂದ ದೂರ ಹೋಗಿದ್ದರೆ ಅದನ್ನು ಮತ್ತೆ ಮೇಲೆ ಸರಿಸಿದರೆ ಸಾಕು. ಪದೇ ಪದೇ ಜಾರುತ್ತಿದ್ದರೆ, ಸರಿಯಾದ ಅಳತೆಗೆ ತಂದು ಅಡ್ಜಸ್ಟರಿನ ಕೆಳಗೆ ಎರಡೂ ಪದರ ಸೇರಿಸಿ ನಾಲ್ಕು ಹೊಲಿಗೆ ಹಾಕಿಬಿಡಿ.

ಅಡ್ಜಸ್ಟರ್ ಜಾಗದಲ್ಲೇ ಇದ್ದು, ಆದರೂ ಸ್ಟ್ರ್ಯಾಪ್ ಭುಜದಿಂದ ಜಾರುತ್ತಿದೆ ಅಂದರೆ ಎಲಾಸ್ಟಿಕ್ ಪರೀಕ್ಷೆ ಮಾಡಿ. ಸ್ಟ್ರ್ಯಾಪನ್ನು ಎಳೆಯದೆ ಮೇಜಿನ ಮೇಲೆ ಇಡಿ. 10 ಸೆಂಟಿಮೀಟರ್ ಅಂತರದಲ್ಲಿ ಎರಡು ಗುರುತು ಮಾಡಿ. ಚೆನ್ನಾಗಿ ಎಳೆದು ಬಿಡಿ, ಮತ್ತೆ ಅಳೆಯಿರಿ. ಗುರುತು ಮತ್ತೆ 10ಕ್ಕೇ ಬಂದರೆ ಎಲಾಸ್ಟಿಕ್‌ನಲ್ಲಿ ಜೀವ ಇದೆ. ಹತ್ತೂವರೆ, ಹನ್ನೊಂದರಲ್ಲೇ ನಿಂತರೆ ಸತ್ತಿದೆ. ಅಂಚಿನಲ್ಲಿ ಸಣ್ಣ ಅಲೆ ಅಲೆಯಾಗಿ ಮುದುರು ಕಾಣುವುದು, ಹೊಳೆಯುವ ತೆಳು ಎಳೆಗಳು ಹೊರಗೆ ಚುಚ್ಚಿ ನಿಲ್ಲುವುದು, ಇವೂ ಅದೇ ಸೂಚನೆ. ಆ ಎಳೆಗಳೇ ಎಲಾಸ್ಟೇನ್. ಸುತ್ತ ಇರುವ ನೈಲಾನ್ ಗಟ್ಟಿಯಾಗಿಯೇ ಇರುತ್ತದೆ, ಒಳಗಿನ ಎಲಾಸ್ಟೇನ್ ತುಂಡಾಗಿರುತ್ತದೆ. ಒಮ್ಮೆ ತುಂಡಾದರೆ ಯಾವ ಸೋಪೂ ಅದನ್ನು ಜೋಡಿಸುವುದಿಲ್ಲ. ಸ್ಟ್ರ್ಯಾಪ್ ಬದಲಿಸುವುದೊಂದೇ ದಾರಿ.

ಇನ್ನೊಂದು ಮಾತು, ಇದನ್ನು ಯಾರೂ ಗಮನಿಸುವುದಿಲ್ಲ. ಬ್ರಾದಲ್ಲಿ ಭಾರ ಹೊರಬೇಕಾದ್ದು ಎದೆಯ ಸುತ್ತ ಬರುವ ಪಟ್ಟಿ, ಸ್ಟ್ರ್ಯಾಪ್ ಅಲ್ಲ. ಆ ಪಟ್ಟಿ ಸಡಿಲವಾದರೆ ಭಾರ ಪೂರ್ತಿ ಭುಜಕ್ಕೆ ಬೀಳುತ್ತದೆ. ಆಗ ನಾವು ಸ್ಟ್ರ್ಯಾಪನ್ನು ಇನ್ನೂ ಬಿಗಿ ಮಾಡುತ್ತೇವೆ, ಅದು ಇನ್ನೂ ಬೇಗ ಹಿಗ್ಗುತ್ತದೆ. ಹಾಕಿಕೊಂಡು ಕನ್ನಡಿಯಲ್ಲಿ ಪಕ್ಕದಿಂದ ನೋಡಿ. ಬೆನ್ನಿನ ಪಟ್ಟಿ ಮುಂದಿನ ಭಾಗಕ್ಕಿಂತ ಮೇಲೆ ಹತ್ತಿದ್ದರೆ ಕೊನೆಯ ಸಾಲಿನ ಹುಕ್ಕಿನಿಂದ ಒಳಗಿನ ಬಿಗಿ ಸಾಲಿಗೆ ಬನ್ನಿ. ಈಗಾಗಲೇ ಬಿಗಿ ಸಾಲಿನಲ್ಲೇ ಇದ್ದರೆ ಆ ಬ್ರಾದ ಕಾಲ ಮುಗಿದಿದೆ. ಪಾಪ, ಮೆಷಿನ್ನನ್ನು ಬೈದು ಪ್ರಯೋಜನ ಇಲ್ಲ.

ಈಗ ವೈರ್. ಅದು ಚಪ್ಪಟೆ ಉಕ್ಕಿನ ಪಟ್ಟಿ. ಎರಡೂ ತುದಿಗೆ ಪ್ಲಾಸ್ಟಿಕ್ ಲೇಪ ಇರುತ್ತದೆ. ಕಪ್ಪಿನ ಕೆಳಗೆ ಹೊಲಿದ ದಪ್ಪ ಬಟ್ಟೆಯ ಗವಸಿನೊಳಗೆ ಅದು ಕೂತಿರುತ್ತದೆ. ಗವಸಿನ ಎರಡೂ ಕೊನೆಯಲ್ಲಿ ಒತ್ತೊತ್ತಾಗಿ ಅಡ್ಡ ಹೊಲಿಗೆ ಹಾಕಿರುತ್ತಾರೆ. ವೈರನ್ನು ಒಳಗೆ ಹಿಡಿದಿಡುವುದು ಆ ಅಡ್ಡ ಹೊಲಿಗೆಯೇ. ತುದಿಗೂ ಹೊಲಿಗೆಗೂ ನಡುವೆ ಸ್ವಲ್ಪ ಜಾಗ ಬಿಟ್ಟಿರುತ್ತಾರೆ, ವೈರ್ ಆಡಲಿ ಅಂತ.

ಈ ವೈರ್ ಒಂದು ದಿಕ್ಕಿನಲ್ಲಿ ಮಾತ್ರ ಬಾಗಲು ಮಾಡಿದ್ದು. ಹಾಕಿಕೊಂಡಾಗ ಅದರ ಬಾಯಿ ಸ್ವಲ್ಪ ಅಗಲವಾಗುತ್ತದೆ, ಬಿಚ್ಚಿದಾಗ ಮೊದಲಿನಂತಾಗುತ್ತದೆ. ಇದರಿಂದ ಅದು ಸುಲಭವಾಗಿ ಹಾಳಾಗುವುದಿಲ್ಲ. ಆದರೆ ತಿರುಚಿದರೆ, ಅಥವಾ ಮುಂದಕ್ಕೋ ಹಿಂದಕ್ಕೋ ಮಡಚಿದರೆ, ವೈರ್ ಅಲ್ಲೇ ಸೊಟ್ಟಗಾಗಿ ನಿಂತುಬಿಡುತ್ತದೆ. ಸೊಟ್ಟಗಾದ ವೈರಿನ ತುದಿ ಗವಸಿನ ಜೊತೆ ನೇರವಾಗಿ ಇರುವುದಿಲ್ಲ, ಓರೆಯಾಗಿ ಒಂದು ಪಕ್ಕಕ್ಕೆ ಒತ್ತುತ್ತಿರುತ್ತದೆ. ಆಮೇಲೆ ಒಗೆದಾಗಲೆಲ್ಲ, ಹಾಕಿಕೊಂಡಾಗಲೆಲ್ಲ ಅದೇ ಜಾಗಕ್ಕೆ ಚುಚ್ಚಿ ಚುಚ್ಚಿ ಕೊನೆಗೆ ದಾರ ಬಿಡುತ್ತದೆ. ಹಾಗಾಗಿ ವೈರ್ ಹೊರಬಂದ ದಿನವೇ ಹಾಳಾದದ್ದು ಅಂದುಕೊಳ್ಳಬೇಡಿ. ಸೊಟ್ಟಗಾದದ್ದು ಅದಕ್ಕಿಂತ ತುಂಬ ಮೊದಲೇ ಇರುತ್ತದೆ.

ಇದನ್ನು ಮುಂಚೆಯೇ ಗುರುತಿಸಬಹುದು. ಬ್ರಾವನ್ನು ಮೇಜಿನ ಮೇಲೆ ಕಪ್ಪು ಮೇಲೆ ಮಾಡಿ ಇಡಿ. ಎಡ ಬಲ ಎರಡೂ ವೈರು ಒಂದೇ ಥರ ಕೂರಬೇಕು. ಒಂದು ಪಕ್ಕ ಮೇಜಿಗೆ ತಾಗದೆ ಎದ್ದು ನಿಂತಿದ್ದರೆ, ಒತ್ತಿದಾಗ ತಟಕ್ಕನೆ ಮತ್ತೆ ಎದ್ದರೆ, ಅದು ತಿರುಚಿದೆ ಅಂತ ಅರ್ಥ. ಆಮೇಲೆ ಕಂಕುಳ ಕಡೆಯ ತುದಿಯನ್ನು ಬಟ್ಟೆಯ ಮೇಲಿಂದಲೇ ಹಿಡಿದು ಮೇಲೆ ಕೆಳಗೆ ಸರಿಸಿ. ಅಡ್ಡ ಹೊಲಿಗೆಯ ಹತ್ತಿರ ಬೆರಳಿಗೆ ಚೂಪಾಗಿ ತಾಗಿದರೆ, ಅಲ್ಲಿ ಬಟ್ಟೆ ತೆಳುವಾಗಿ ಹೊಳೆಯುತ್ತಿದ್ದರೆ, ಈಗಲೇ ನಾಲ್ಕು ಹೊಲಿಗೆ ಹಾಕುವುದು ಒಳ್ಳೆಯದು. ಮೆಷಿನ್ನಿನಲ್ಲಿ ಹೊರಬಂದ ವೈರ್ ಡ್ರಮ್ಮಿನ ತೂತಿನಿಂದ ಕೆಳಗೆ ಇಳಿದು ಪಂಪಿಗೆ ಸಿಕ್ಕಿದರೆ ಬ್ರಾಗಿಂತ ರಿಪೇರಿ ಖರ್ಚೇ ಜಾಸ್ತಿ ಆಗುತ್ತದೆ.

ಒಬ್ಬರು ಮೂರು ಪ್ಯಾಡೆಡ್ ಬ್ರಾ ತಂದಿದ್ದರು. ಮೂರರಲ್ಲೂ ನಡುಭಾಗದ ಹತ್ತಿರ ವೈರ್ ತಿರುಚಿತ್ತು. ಒಂದು ಕಪ್ಪಿನೊಳಗೆ ಇನ್ನೊಂದು ಕಪ್ಪನ್ನು ತಿರುಗಿಸಿ ಕೂರಿಸಿ, ಮೂರನ್ನೂ ಒಂದೇ ಬ್ಯಾಗಿನಲ್ಲಿ ಜೋಡಿಸಿ, ಸ್ನಾನದ ಟವೆಲ್‌ಗಳ ಜೊತೆ ಹಾಕುತ್ತಿದ್ದರಂತೆ. ಅಂಗಡಿಯಲ್ಲಿ ಹಾಗೆ ಮಡಚಿ ಕೊಡುತ್ತಾರಲ್ವಾ, ಅದನ್ನೇ ನೋಡಿ ಮಾಡಿದ್ದು. ಕಪ್ಪೊಳಗೆ ಕಪ್ಪು ಕೂರಿಸಿದಾಗ ಎರಡು ಕಪ್ಪಿನ ನಡುವಿನ ಆ ಸಣ್ಣ ಸೇತುವೆ ಪೂರ್ತಿ ಮಡಚಿಕೊಳ್ಳುತ್ತದೆ. ಅಲ್ಲಿ ಎರಡು ವೈರಿನ ತುದಿಗಳೂ ಇವೆ. ಕಪ್ಪಿನ ಒಂದು ಪಕ್ಕ ಒಳಮುಖವಾಗಿ ತಿರುಗಿರುತ್ತದೆ. ಇದರ ಮೇಲೆ ನೀರು ಕುಡಿದ ಟವೆಲ್ ಬಿದ್ದು, ಆಮೇಲೆ 1200 ಸುತ್ತಿನ ಸ್ಪಿನ್ ಬಂದರೆ ವೈರ್ ನೇರ ಉಳಿಯುವುದು ಹೇಗೆ? ಬ್ಯಾಗು ಪೂರ್ತಿ ಚೆನ್ನಾಗಿತ್ತು, ಒಂದು ಎಳೆಯೂ ಹರಿದಿರಲಿಲ್ಲ. ಮುಂದೆ ಹೇಳುವುದು ನಾನು ಅವರಿಗೆ ಹೇಳಿಕೊಟ್ಟ ಕ್ರಮವನ್ನೇ.

ಬ್ಯಾಗಿನಿಂದ ಶುರು ಮಾಡೋಣ. ಬಲೆಯ ತೂತು ಎಷ್ಟು ದೊಡ್ಡದು ಅನ್ನುವುದೇ ಮೊದಲ ಪ್ರಶ್ನೆ. ಬ್ರಾದ ಹುಕ್ಕನ್ನು ಬಲೆಯ ಮೇಲೆ ಉಜ್ಜಿ ನೋಡಿ. ಹುಕ್ಕು ತೂತಿನೊಳಗೆ ತೂರಿ ಸಿಕ್ಕಿಕೊಂಡರೆ ಆ ಬ್ಯಾಗು ಬ್ರಾಗೆ ಬೇಡ, ಸಾಕ್ಸಿಗೆ ಇಟ್ಟುಕೊಳ್ಳಿ. ಹುಕ್ಕು ಬಲೆಗೇ ಸಿಕ್ಕಿದರೆ ಪೂರ್ತಿ ಬ್ರಾ ಒಂದು ಮೂಲೆಯಿಂದ ನೇತಾಡುತ್ತದೆ. ಸುತ್ತಿದಾಗಲೆಲ್ಲ ಬೆನ್ನಿನ ಪಟ್ಟಿ ಎಳೆಯಲ್ಪಡುತ್ತದೆ. ನುಣುಪಾದ ಸಣ್ಣ ತೂತಿನ ಬಲೆ ಬ್ರಾಗೂ ಲೇಸಿಗೂ ಸರಿ. ಎರಡನೆಯದು ಜಿಪ್. ಮುಚ್ಚಿದ ಮೇಲೆ ಜಿಪ್ಪಿನ ತಲೆ ಒಂದು ಎಲಾಸ್ಟಿಕ್ ಗವಸಿನೊಳಗೆ ಸೇರಬೇಕು. ಇಲ್ಲದಿದ್ದರೆ ಮಧ್ಯದಲ್ಲಿ ಜಿಪ್ ತೆರೆದುಕೊಂಡು ಎಲ್ಲ ಹೊರಗೆ ಬಂದಿರುತ್ತದೆ. ಆ ಗವಸು ಇಲ್ಲದ ಬ್ಯಾಗಾದರೆ ಜಿಪ್ಪಿನ ತೂತಿಗೂ ಪಕ್ಕದ ಬಲೆಗೂ ಸೇರಿಸಿ ಒಂದು ಗಟ್ಟಿ ದಾರ ಕಟ್ಟಿ. ಪಿನ್ನು ಮಾತ್ರ ಬೇಡ.

ಅಳತೆಯ ವಿಷಯದಲ್ಲಿ ಎರಡು ಕಡೆಗೂ ತಪ್ಪಾಗುತ್ತದೆ. ಬ್ಯಾಗು ತೀರಾ ದೊಡ್ಡದಾದರೆ ಒಳಗಿನ ಬಟ್ಟೆ ಉರುಳಿ ಉರುಳಿ ಒಂದು ಮೂಲೆಗೆ ಸೇರಿ ಗಂಟಾಗುತ್ತದೆ. ಸ್ಟ್ರ್ಯಾಪುಗಳು ಜಡೆ ಹೆಣೆದ ಹಾಗೆ ಸುತ್ತಿಕೊಳ್ಳುತ್ತವೆ. ಬಿಡಿಸುವಾಗ ನಾವು ಎಳೆಯುವ ಎಳೆತಕ್ಕೇ ಅರ್ಧ ಎಲಾಸ್ಟಿಕ್ ಹೋಗುತ್ತದೆ. ತೀರಾ ತುಂಬಿಸಿದರೆ ನೀರು ಒಳಗೆ ಆಡುವುದಿಲ್ಲ, ಕೊಳೆ ಹೋಗುವುದಿಲ್ಲ, ಸೋಪು ಉಳಿದು ಕಪ್ಪಿನ ಸ್ಪಂಜು ಅಂಟಂಟಾಗುತ್ತದೆ. ವೈರ್ ಇರುವ ಬ್ರಾಗೆ ನನ್ನ ಲೆಕ್ಕ ಒಂದು ಬ್ಯಾಗಿಗೆ ಒಂದು, ಹೆಚ್ಚೆಂದರೆ ಎರಡು. ಬ್ರಾ ಬಿಚ್ಚಿಟ್ಟು ಮಲಗಿಸಿದರೆ ಪಕ್ಕದಲ್ಲಿ ನಾಲ್ಕು ಬೆರಳು ಜಾಗ ಉಳಿಯಬೇಕು, ಅಷ್ಟು ಅಗಲ ಇದ್ದರೆ ಸಾಕು.

ದುಂಡಗಿನ ಪ್ಲಾಸ್ಟಿಕ್ ಚೌಕಟ್ಟಿನ ಬ್ಯಾಗುಗಳೂ ಬರುತ್ತವೆ. ಪ್ಯಾಡೆಡ್, ಅಚ್ಚಿನ ಕಪ್ಪಿನ ಬ್ರಾಗೆ ಅವು ನಿಜಕ್ಕೂ ಒಳ್ಳೆಯವು. ಪಕ್ಕದ ಬಟ್ಟೆ ಒತ್ತಿದರೂ ಕಪ್ಪು ನೆಗ್ಗುವುದಿಲ್ಲ. ಆದರೆ ನಿಮ್ಮ ಕಪ್ಪಿನ ಅಳತೆಗೆ ಅದು ಚಿಕ್ಕದಾದರೆ ಒಳಗೆ ತುರುಕಬೇಕಾಗುತ್ತದೆ. ತುರುಕಿದರೆ ಚೌಕಟ್ಟೇ ವೈರನ್ನು ಬಗ್ಗಿಸುತ್ತದೆ. ಕೈಯಲ್ಲಿ ಒತ್ತದೆ ಸುಮ್ನೆ ಇಟ್ಟರೆ ಕೂರಬೇಕು. ಕೂರದಿದ್ದರೆ ಚಪ್ಪಟೆ ಬ್ಯಾಗೇ ಮೇಲು.

ಈಗ ಒಳಗೆ ಇಡುವ ರೀತಿ. ಇದಕ್ಕೆ ಅರ್ಧ ನಿಮಿಷ ಬೇಕು, ಅಷ್ಟೆ. ಮೊದಲು ಹುಕ್ಕುಗಳನ್ನು ಹಾಕಿ, ಎಲ್ಲವನ್ನೂ. ಎರಡು ಹಾಕಿ ಒಂದು ಬಿಟ್ಟರೆ ಆ ಒಂದೇ ಸಾಕು ಲೇಸನ್ನು ಹರಿಯಲು. ಬಿಗಿ ಸಾಲಿಗೆ ಹಾಕುವ ಅಗತ್ಯ ಇಲ್ಲ, ಸಡಿಲ ಸಾಲಿಗೆ ಹಾಕಿದರೆ ಬೆನ್ನಿನ ಪಟ್ಟಿಗೆ ಎಳೆತ ಇರುವುದಿಲ್ಲ. ಆಮೇಲೆ ಬ್ರಾವನ್ನು ಕಪ್ಪು ಕೆಳಗೆ ಮಾಡಿ, ಬಟ್ಟಲು ಇಟ್ಟಂತೆ ಮಲಗಿಸಿ. ಎರಡೂ ಸ್ಟ್ರ್ಯಾಪನ್ನು ಆಯಾ ಕಪ್ಪಿನೊಳಗೆ ಸುರುಳಿ ಮಾಡಿ ಇಡಿ. ಬೆನ್ನಿನ ಪಟ್ಟಿಯನ್ನೂ ಎರಡೂ ಪಕ್ಕದಿಂದ ಒಳಗೆ ತಂದು ಕಪ್ಪಿನ ಮೇಲೆ ಮಲಗಿಸಿ. ಕಪ್ಪುಗಳು ಪಕ್ಕ ಪಕ್ಕದಲ್ಲೇ ಇರಲಿ, ಒಂದರೊಳಗೆ ಒಂದು ಬೇಡ. ಬಿಚ್ಚಬಹುದಾದ ಸ್ಟ್ರ್ಯಾಪ್ ಆದರೆ ಬಿಚ್ಚಿ ಬೇರೆ ಪುಟ್ಟ ಬ್ಯಾಗಿಗೆ ಹಾಕಿ. ಅದರ ಕೊನೆಯ ಕೊಂಡಿ ಲೇಸಿಗೆ ದೊಡ್ಡ ಶತ್ರು. ತೆಗೆದಿಡಬಹುದಾದ ಪ್ಯಾಡ್ ಇದ್ದರೆ ಅದನ್ನೂ ತೆಗೆಯಿರಿ, ಇಲ್ಲದಿದ್ದರೆ ಒಳಗೇ ಮಡಚಿಕೊಂಡು ಹಾಗೇ ಒಣಗುತ್ತದೆ.

ಹೀಗೆ ಇಟ್ಟ ಬ್ಯಾಗಿನ ಖಾಲಿ ಜಾಗಕ್ಕೆ ಒಂದೆರಡು ಪ್ಯಾಂಟಿ ಹಾಕಬಹುದು. ಅದು ಒಳ್ಳೆಯದೇ. ಬ್ರಾ ಅತ್ತಿತ್ತ ಉರುಳುವುದು ಕಡಿಮೆ ಆಗುತ್ತದೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದ್ದರೆ ಸಾಕು, ಮುಚ್ಚಿದ ಮೇಲೆ ಕೈಯಲ್ಲಿ ಹಿಡಿದು ಅಲುಗಿಸಿದರೆ ಒಳಗೆ ಬಟ್ಟೆ ಸ್ವಲ್ಪ ಆಡಬೇಕು.

ಇನ್ನು ಜೊತೆಗೆ ಏನು ಹಾಕಬೇಕು ಅನ್ನುವುದು. ಜೀನ್ಸ್, ಟವೆಲ್, ಬೆಡ್‌ಶೀಟ್ ಬೇಡ. ಅವು ನೀರು ಕುಡಿದ ಮೇಲೆ ಎಷ್ಟು ಭಾರ ಅಂತ ಎತ್ತಿದವರಿಗೇ ಗೊತ್ತು. ಮುಂದಿನಿಂದ ಬಾಗಿಲಿರುವ ಮೆಷಿನ್ನಿನಲ್ಲಿ ಅವು ಮೇಲಕ್ಕೆ ಹೋಗಿ ಬ್ಯಾಗಿನ ಮೇಲೆ ದೊಪ್ಪನೆ ಬೀಳುತ್ತವೆ, ಪ್ರತಿ ಸುತ್ತಿಗೂ. ಹಾಗಂತ ಬರೀ ಎರಡು ಬ್ರಾ ಹಾಕಿ ಮೆಷಿನ್ ಓಡಿಸಿದರೂ ಸರಿಯಿಲ್ಲ. ಸ್ಪಿನ್ ಆಗುವಾಗ ಭಾರ ಒಂದೇ ಕಡೆ ಸೇರಿ ಮೆಷಿನ್ ಕುಣಿಯುತ್ತದೆ, ಸರಿಮಾಡಿಕೊಳ್ಳಲು ಮತ್ತೆ ಮತ್ತೆ ನಿಂತು ತಿರುಗುತ್ತದೆ. ನಾಲ್ಕಾರು ತೆಳು ಟೀ ಶರ್ಟು, ಹತ್ತಿಯ ನೈಟಿ ಜೊತೆಗೆ ಹಾಕಿ. ಡ್ರಮ್ಮಿನ ಅರ್ಧದಷ್ಟಾದರೆ ಸಾಕು. ಟೀ ಶರ್ಟಿಗೆ ದಪ್ಪ ಜಿಪ್ ಇರಬಾರದು, ಅಷ್ಟೆ.

ಪ್ರೋಗ್ರಾಂ ಡೆಲಿಕೇಟ್ ಅಥವಾ ಹ್ಯಾಂಡ್ ವಾಷ್ ಇಡಿ. ಇದರಲ್ಲಿ ಸಾಮಾನ್ಯವಾಗಿ ನೀರು ಜಾಸ್ತಿ ಬರುತ್ತದೆ, ಡ್ರಮ್ ತಿರುಗುವುದು ಕಡಿಮೆ. ಬಟ್ಟೆ ನೀರಿನಲ್ಲಿ ತೇಲಿದಂತೆ ಇರುವುದರಿಂದ ಹೊಡೆತ ತಪ್ಪುತ್ತದೆ. ಕ್ವಿಕ್ ವಾಷ್ ಬೇರೆ, ಇದು ಬೇರೆ. ಕ್ವಿಕ್ ವಾಷ್ ಬೇಗ ಮುಗಿಯುತ್ತದೆ ನಿಜ, ಆದರೆ ಎಷ್ಟೋ ಮೆಷಿನ್ನುಗಳಲ್ಲಿ ಅದರ ತಿರುಗುವಿಕೆಯೂ ಸ್ಪಿನ್ನೂ ಜೋರಾಗಿಯೇ ಇರುತ್ತದೆ. ನೀರು ತಣ್ಣಗಿರಲಿ, ಇಲ್ಲವೇ 30 ಡಿಗ್ರಿ. ಎಲಾಸ್ಟೇನ್‌ಗೂ ಸ್ಪಂಜಿಗೂ ಬಿಸಿ ಆಗಿಬರುವುದಿಲ್ಲ.

ಸ್ಪಿನ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಿಮ್ಮ ವೈರ್ ಸೊಟ್ಟಗಾಗಲು ನನಗೆ ಮೊದಲ ಅನುಮಾನ ಅದರ ಮೇಲೇ. ಸುತ್ತು ಎರಡು ಪಟ್ಟಾದರೆ ಬಟ್ಟೆಯನ್ನು ಗೋಡೆಗೆ ಒತ್ತುವ ಬಲ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ಅಂದರೆ ನಿಮಿಷಕ್ಕೆ 1200 ಸುತ್ತಿನಲ್ಲಿ ಬ್ರಾ ಮೇಲೆ ಬೀಳುವ ಒತ್ತಡ 400 ಸುತ್ತಿನ ಒಂಬತ್ತರಷ್ಟು. ಮೆಷಿನ್ನಿನ ಗುಂಡಿಯ ಮೇಲೆ ಎರಡೂ ಅಂಕಿ ಪಕ್ಕ ಪಕ್ಕದಲ್ಲೇ ಇರುತ್ತವೆ, ಹಾಗಾಗಿ ವ್ಯತ್ಯಾಸ ಇಷ್ಟು ದೊಡ್ಡದು ಅಂತ ಅನ್ನಿಸುವುದಿಲ್ಲ. 400ಕ್ಕೆ ಇಡಿ. 600 ಮೇಲಕ್ಕೆ ಹೋಗಬೇಡಿ. ಸ್ಪಿನ್ ಪೂರ್ತಿ ತೆಗೆದುಹಾಕಬೇಕಾ? ನನ್ನ ಪ್ರಕಾರ ಬೇಡ. ಪ್ಯಾಡೆಡ್ ಕಪ್ಪು ನೀರು ತುಂಬಿಕೊಂಡೇ ಹೊರಬಂದರೆ ಆ ಭಾರವನ್ನು ಮುಂದೆ ಸ್ಟ್ರ್ಯಾಪೋ ಬೆನ್ನಿನ ಪಟ್ಟಿಯೋ ಹೊರಬೇಕಾಗುತ್ತದೆ. ಮೆಲ್ಲನೆಯ ಸ್ಪಿನ್ ಅದಕ್ಕಿಂತ ಒಳ್ಳೆಯದು.

ಮೇಲಿನಿಂದ ಬಟ್ಟೆ ಹಾಕುವ ಮೆಷಿನ್ ಆದರೆ ಸ್ವಲ್ಪ ಜಾಸ್ತಿ ಜೋಪಾನ ಬೇಕು. ತಳದ ಚಕ್ರ ಅಥವಾ ನಡುವಿನ ಕಂಬ ಬಟ್ಟೆಯನ್ನು ತಿರುಚುತ್ತದೆ. ಬ್ಯಾಗನ್ನು ತಳಕ್ಕೆ ಹಾಕಬೇಡಿ. ಅರ್ಧ ಬಟ್ಟೆ ಹಾಕಿ, ಮೇಲೆ ಬ್ಯಾಗ್ ಇಟ್ಟು, ಆಮೇಲೆ ಉಳಿದ ತೆಳು ಬಟ್ಟೆ ಹಾಕಿ. ನೀರಿನ ಮಟ್ಟ ಒಂದು ಹಂತ ಜಾಸ್ತಿ ಇಡಿ. ಬ್ಯಾಗಿಗೆ ನೇತುಹಾಕುವ ಕುಣಿಕೆ ಇದ್ದರೆ ಒಳಗೆ ಮಡಚಿ, ಅದೇ ಕಂಬಕ್ಕೆ ಸುತ್ತಿಕೊಳ್ಳುವುದು. ಸ್ಪಿನ್ ಬೇರೆ ತೊಟ್ಟಿಯಲ್ಲಿ ಆಗುವ ಮೆಷಿನ್ ಆದರೆ ವೈರ್ ಬ್ರಾವನ್ನು ಆ ತೊಟ್ಟಿಗೆ ಹಾಕಲೇಬೇಡಿ. ಬಾಯಿ ಕಿರಿದು, ತಳ್ಳಿ ಇಡುವಾಗಲೇ ವೈರ್ ಮಡಚುತ್ತದೆ. ಟವೆಲ್‌ನಲ್ಲಿ ಒತ್ತಿ ನೀರು ತೆಗೆಯಿರಿ.

ಸೋಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಿಕ್ವಿಡ್ ಡಿಟರ್ಜೆಂಟ್ ಬಳಸಿ, ಬಟ್ಟೆ ಕಡಿಮೆ ಇರುವುದರಿಂದ ಸೋಪೂ ಕಡಿಮೆ ಹಾಕಿ. ಪುಡಿಯಾದರೆ ತಣ್ಣೀರಿನಲ್ಲಿ ಪೂರ್ತಿ ಕರಗದೆ ಸ್ಪಂಜಿನಲ್ಲಿ ಉಳಿಯಬಹುದು. ಕ್ಲೋರಿನ್ ಬ್ಲೀಚ್ ಬೇಡವೇ ಬೇಡ. ಅದು ಎಲಾಸ್ಟೇನ್ ಎಳೆಯನ್ನು ಕೊಲ್ಲುತ್ತದೆ, ಬಿಳಿ ಬ್ರಾವನ್ನು ಹಳದಿ ಮಾಡುವುದೂ ಉಂಟು. ಬಟ್ಟೆ ಮೆದುಮಾಡುವ ಕಂಡೀಷನರೂ ಬೇಡ, ಅದರ ಪದರ ಎಲಾಸ್ಟಿಕ್ ಮೇಲೆ ಕೂತು ಹಿಡಿತ ಕಡಿಮೆ ಮಾಡುತ್ತದೆ. ಹಾಗಂತ ಹಾಳಾಗುತ್ತದೆ ಅಂತ ಒಗೆಯದೆ ಇಡುವುದೂ ತಪ್ಪು. ಬೆವರು, ಮೈಯ ಎಣ್ಣೆಯಂಶ ಎರಡೂ ಎಲಾಸ್ಟೇನನ್ನು ನಿಧಾನವಾಗಿ ತಿನ್ನುತ್ತವೆ. ಬೆವರಿದ ದಿನ ಅಂದೇ ಒಗೆಯಿರಿ. ಇಲ್ಲದಿದ್ದರೆ ಎರಡು ಮೂರು ಸಲ ಹಾಕಿಕೊಂಡ ಮೇಲೆ ಸಾಕು.

ಮೆಷಿನ್ ನಿಂತ ಮೇಲೆ ಬ್ಯಾಗನ್ನು ಅಲ್ಲೇ ಬಿಡಬೇಡಿ. ಒದ್ದೆ ಕಪ್ಪು ನೆಗ್ಗಿದ ರೂಪದಲ್ಲೇ ಗಂಟೆಗಟ್ಟಲೆ ಕೂತರೆ ಆ ಗೆರೆ ಹೋಗುವುದು ಕಷ್ಟ. ಬ್ರಾವನ್ನು ಹೊರತೆಗೆಯುವಾಗ ಸ್ಟ್ರ್ಯಾಪ್ ಹಿಡಿದು ಎಳೆಯಬೇಡಿ, ಎರಡು ಕಪ್ಪಿನ ಕೆಳಗೆ ಕೈ ಕೊಟ್ಟು ಎತ್ತಿ. ಒದರುವುದೂ ಬೇಡ. ಸೀರೆ ಒದರಿದಂತೆ ಬ್ರಾ ಒದರುವವರನ್ನು ನೋಡಿದ್ದೇನೆ, ಒದ್ದೆ ಎಲಾಸ್ಟಿಕ್‌ಗೆ ಆ ಒಂದು ಎಳೆತ ಸಾಕು.

ನೀರು ಇನ್ನೂ ಜಾಸ್ತಿ ಇದ್ದರೆ ಒಣ ಟವೆಲ್ ಹಾಸಿ, ಅದರ ಮೇಲೆ ಬ್ರಾ ಮಲಗಿಸಿ, ಮೇಲೆ ಟವೆಲ್ಲಿನ ಇನ್ನೊಂದು ಅರ್ಧ ಮುಚ್ಚಿ, ಅಂಗೈಯಿಂದ ಒತ್ತಿ. ಟವೆಲ್ ಸಮೇತ ಸುರುಳಿ ಸುತ್ತುವ ಪದ್ಧತಿ ಲೇಸಿಗೆ, ವೈರ್ ಇಲ್ಲದ ಬ್ರಾಗೆ ಸರಿ. ವೈರ್ ಇದ್ದರೆ ಸುರುಳಿ ಬೇಡ, ಒತ್ತುವುದು ಮಾತ್ರ. ಹಿಂಡುವ ಮಾತಂತೂ ಇಲ್ಲವೇ ಇಲ್ಲ. ಆಮೇಲೆ ಕಪ್ಪಿನ ಒಳಗೆ ಮುಷ್ಟಿ ಇಟ್ಟು ನೆಗ್ಗು ತೆಗೆದು, ಅಂಚನ್ನು ಬೆರಳಿನಿಂದ ಸವರಿ ನೇರ ಮಾಡಿ. ಒದ್ದೆಯಿದ್ದಾಗ ಕೊಟ್ಟ ರೂಪದಲ್ಲೇ ಅದು ಒಣಗುತ್ತದೆ.

ಒಣಹಾಕುವ ವಿಷಯದಲ್ಲಿ ಎಲ್ಲರೂ ಮಾಡುವುದು ಒಂದೇ. ಸ್ಟ್ರ್ಯಾಪಿಗೆ ಕ್ಲಿಪ್ ಹಾಕಿ ಹಗ್ಗಕ್ಕೆ ನೇತುಹಾಕುತ್ತಾರೆ. ನೀರೆಲ್ಲ ಕೆಳಗೆ ಇಳಿದು ಕಪ್ಪಿನ ತಳದಲ್ಲಿ ಸೇರುತ್ತದೆ, ಆ ಭಾರ ಒಣಗುವವರೆಗೆ ಸ್ಟ್ರ್ಯಾಪನ್ನು ಜಗ್ಗುತ್ತಲೇ ಇರುತ್ತದೆ. ನಂಬಿಕೆ ಬರದಿದ್ದರೆ ಒಮ್ಮೆ ಪ್ಯಾಡೆಡ್ ಬ್ರಾವನ್ನು ಒಣಗಿದ್ದಾಗಲೂ ಒದ್ದೆಯಾಗಿದ್ದಾಗಲೂ ತೂಕ ಮಾಡಿ ನೋಡಿ. ಸರಿಯಾದದ್ದು ಎರಡು ರೀತಿ. ಸ್ಟ್ಯಾಂಡಿನ ಮೇಲೆ ಚಪ್ಪಟೆಯಾಗಿ, ಕಪ್ಪು ಮೇಲೆ ಮಾಡಿ ಮಲಗಿಸುವುದು ಒಂದು. ಜಾಗ ಇಲ್ಲದಿದ್ದರೆ ಹಗ್ಗವನ್ನು ಎರಡು ಕಪ್ಪಿನ ನಡುವಿನ ಸೇತುವೆಯ ಕೆಳಗೆ ಬರುವಂತೆ ಮಾಡಿ, ಒಂದು ಕಪ್ಪು ಹಗ್ಗದ ಆಚೆ, ಒಂದು ಈಚೆ ಬರುವಂತೆ ಹಾಕುವುದು ಇನ್ನೊಂದು. ಅಲ್ಲಿ ಬಟ್ಟೆ ಗಟ್ಟಿ ಇರುತ್ತದೆ, ಹಿಗ್ಗುವುದಿಲ್ಲ. ಎರಡೂ ಪಕ್ಕ ತೂಕ ಸಮ ಆಗುವುದರಿಂದ ಕ್ಲಿಪ್ಪೂ ಬೇಡ. ನೆರಳಿನಲ್ಲಿ ಗಾಳಿಯಾಡುವ ಕಡೆ ಇರಲಿ. ಜೋರು ಬಿಸಿಲಿಗೆ ಸ್ಪಂಜು ಹಳದಿ ಆಗುತ್ತದೆ, ಎಲಾಸ್ಟಿಕ್ ಗರಿಗರಿ ಆಗುತ್ತದೆ. ಬಟ್ಟೆ ಒಣಗಿಸುವ ಡ್ರೈಯರ್ ಇದ್ದರೂ ಬ್ರಾವನ್ನು ಅದರಲ್ಲಿ ಹಾಕಬೇಡಿ. ಅಲ್ಲಿ ಬಿಸಿಯೂ ಉಂಟು, ಉರುಳಾಟವೂ ಉಂಟು.

ಕೈಯಲ್ಲಿ ಒಗೆಯಬೇಕಾದ್ದು ಯಾವುದು ಅಂದರೆ, ರೇಷ್ಮೆಯದು, ಮಣಿ ಅಥವಾ ಕಸೂತಿ ಇರುವುದು, ತೀರಾ ತೆಳು ಲೇಸಿನದು, ಮತ್ತೆ ವೈರಿನ ಹೊಲಿಗೆ ಈಗಾಗಲೇ ಸಡಿಲ ಇರುವುದು. ಲೇಬಲ್ಲಿನಲ್ಲಿ ನೀರಿನ ತೊಟ್ಟಿಯೊಳಗೆ ಕೈ ಇರುವ ಚಿತ್ರ ಇದ್ದರೆ ಕೈಯಲ್ಲೇ ಒಗೆಯಲು ಹೇಳಿದ್ದಾರೆ. ತೊಟ್ಟಿಯ ಕೆಳಗೆ ಒಂದು ಗೆರೆ ಇದ್ದರೆ ಮೆಲ್ಲಗೆ, ಎರಡು ಗೆರೆ ಇದ್ದರೆ ತೀರಾ ಮೆಲ್ಲಗೆ ಮೆಷಿನ್ನಿನಲ್ಲಿ ಒಗೆಯಬಹುದು. ತೊಟ್ಟಿಯ ಮೇಲೆ ಕಾಟು ಹೊಡೆದಿದ್ದರೆ ನೀರಿಗೇ ಹಾಕುವಂತಿಲ್ಲ. ರೇಷ್ಮೆಗೆ ಎಂಜೈಮ್ ಇಲ್ಲದ ಡಿಟರ್ಜೆಂಟೇ ಬೇಕು. ರಕ್ತ, ಹಾಲಿನ ಕಲೆ ತೆಗೆಯುವ ಎಂಜೈಮ್ ಪ್ರೋಟೀನನ್ನು ಕರಗಿಸುತ್ತದೆ, ರೇಷ್ಮೆಯೂ ಪ್ರೋಟೀನೇ. ಬಕೆಟ್ಟಿನಲ್ಲಿ ತಣ್ಣೀರು, ಒಂದು ಟೀ ಚಮಚ ಲಿಕ್ವಿಡ್, ಹತ್ತು ನಿಮಿಷ ನೆನೆಸಿ, ಮೆಲ್ಲಗೆ ಒತ್ತಿ ಒತ್ತಿ ಬಿಟ್ಟು, ನೊರೆ ಹೋಗುವವರೆಗೆ ಜಾಲಿಸಿ. ರೇಷ್ಮೆಯನ್ನು ಅಷ್ಟು ಹೊತ್ತೂ ನೆನೆಹಾಕಬೇಡಿ, ಎರಡು ಮೂರು ನಿಮಿಷ ಸಾಕು. ಕೈಯಲ್ಲಿ ಒಗೆಯುತ್ತೇನೆ ಅಂತ ಬ್ರಶ್ ಹಾಕಿ ತಿಕ್ಕಿ, ಹಿಂಡಿ ಒಗೆದರೆ ಅದು ಮೆಷಿನ್ನಿಗಿಂತ ಕೆಟ್ಟದ್ದು.

ಕೊನೆಗೆ, ಈಗ ವೈರ್ ಹೊರಬಂದಿರುವ ಆ ಬ್ರಾ. ಅದನ್ನು ಹಾಗೇ ಹಾಕಿಕೊಳ್ಳಬೇಡಿ, ಮೆಷಿನ್ನಿಗೂ ಹಾಕಬೇಡಿ. ಅದೇ ತೂತಿನಿಂದ ವೈರನ್ನು ಮೆಲ್ಲಗೆ ಪೂರ್ತಿ ಎಳೆದು ತೆಗೆಯಿರಿ. ಇನ್ನೊಂದು ಕಪ್ಪಿನ ಆಕಾರದ ಪಕ್ಕ ಇಟ್ಟು ಹೋಲಿಸಿ. ಮೇಜಿನ ಮೇಲೆ ಚಪ್ಪಟೆಯಾಗಿ ಕೂರುತ್ತದೆ, ಬಾಗು ಹೊಂದುತ್ತದೆ, ತುದಿಯ ಪ್ಲಾಸ್ಟಿಕ್ ಹಾಗೇ ಇದೆ ಅಂದರೆ ಮಾತ್ರ ಮತ್ತೆ ಒಳಗೆ ತೂರಿಸಿ. ತುದಿಯನ್ನು ಬೆರಳಿನಿಂದ ಕೆಳಗೆ ಒತ್ತಿ ಹಿಡಿದು, ತೂತಿನ ಮೇಲೆ ಗವಸಿನ ಅಡ್ಡಕ್ಕೆ, ಎರಡೆಳೆ ಪಾಲಿಯೆಸ್ಟರ್ ದಾರದಿಂದ ಏಳೆಂಟು ಹೊಲಿಗೆ ಒತ್ತೊತ್ತಾಗಿ ಹಾಕಿ. ಹತ್ತಿ ದಾರ ಬೇಗ ಸವೆಯುತ್ತದೆ. ಹೊಲಿಗೆ ಮೆಷಿನ್ ಓಡಿಸಬೇಡಿ, ಸೂಜಿ ವೈರಿಗೆ ತಾಗಿದರೆ ಮುರಿದು ಹಾರುತ್ತದೆ.

ನೀವು ಸೊಟ್ಟಗಾಗಿದೆ ಅಂತ ಬರೆದಿದ್ದೀರಿ. ಹಾಗಾದರೆ ಇಕ್ಕಳದಿಂದ ನೇರ ಮಾಡಿ ಹಾಕುವ ಆಸೆ ಬೇಡ. ಒಮ್ಮೆ ಮಡಚಿದ ಜಾಗದಲ್ಲಿ ಉಕ್ಕು ದುರ್ಬಲವಾಗಿರುತ್ತದೆ, ಮತ್ತೆ ಅಲ್ಲೇ ಮಡಚುತ್ತದೆ ಅಥವಾ ತುಂಡಾಗುತ್ತದೆ. ಲೇಪ ಬಿರುಕು ಬಿಟ್ಟಿದ್ದರೆ ತುಕ್ಕು ಹಿಡಿದು ಬಟ್ಟೆಗೆ ಕಂದು ಕಲೆಯೂ ಬರುತ್ತದೆ. ಅದೇ ಅಳತೆಯ ಹೊಸ ಜೊತೆ ವೈರ್ ಸಿಕ್ಕರೆ ಎರಡೂ ಕಡೆ ಬದಲಿಸಿ, ಒಂದೇ ಬದಲಿಸಿದರೆ ಎರಡು ಪಕ್ಕದ ಬಿಗಿ ಬೇರೆ ಬೇರೆ ಆಗುತ್ತದೆ. ಸಿಗದಿದ್ದರೆ ಇನ್ನೊಂದು ಕಡೆಯ ವೈರನ್ನೂ ತೆಗೆದುಬಿಡಿ. ಕಪ್ಪು ಚಿಕ್ಕದಾಗಿದ್ದು, ಎದೆಯ ಸುತ್ತಿನ ಪಟ್ಟಿ ಇನ್ನೂ ಬಿಗಿಯಾಗಿದ್ದರೆ ಅದು ಮನೆಯಲ್ಲಿ ಹಾಕಿಕೊಳ್ಳಲು ವೈರ್ ಇಲ್ಲದ ಬ್ರಾ ಆಗಿ ಇನ್ನಷ್ಟು ದಿನ ಬರುತ್ತದೆ.